ರಿಜಿಸ್ಟರ್‌ನಲ್ಲಿ 46 ಯೂನಿಟ್, ಕೈಗೆ ಸಿಗುವುದು 31: ರಕ್ತನಿಧಿಯ ದಾಸ್ತಾನು ಲೆಕ್ಕ ಓದುವುದು ಹೇಗೆ?

ಪುಣೆ: ಇಲ್ಲಿನ ಆಸ್ಪತ್ರೆಗಳ ಆಸುಪಾಸಿನಲ್ಲಿ 'ರಕ್ತಪೇಢಿ' ಎಂಬ ಮರಾಠಿ ಬೋರ್ಡ್ ಕಂಡರೆ ಅದು ನಮ್ಮ ರಕ್ತನಿಧಿಯೇ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ದೊಡ್ಡ ಆಪರೇಷನ್‌ಗೆಂದು ಪುಣೆಗೆ ಹೋಗುವ ಕುಟುಂಬಗಳಿಗೆ ಈ ಪದ ಬಹುಬೇಗ ಪರಿಚಯವಾಗುತ್ತದೆ. ಅದರ ಜೊತೆಗೆ ಒಂದು ಗೊಂದಲವೂ ಶುರುವಾಗುತ್ತದೆ. ಮೊಬೈಲ್‌ನಲ್ಲಿ ಸರ್ಕಾರಿ ಪೋರ್ಟಲ್ ತೆರೆದರೆ ಬಿ ಪಾಸಿಟಿವ್ ರಕ್ತ ಬೇಕಾದಷ್ಟು ಇದೆ ಎಂದು ತೋರಿಸುತ್ತದೆ. ಕೌಂಟರ್‌ಗೆ ಹೋದರೆ 'ಸದ್ಯಕ್ಕೆ ಇಲ್ಲ, ದಾನಿಗಳನ್ನು ಕರೆತನ್ನಿ' ಎನ್ನುತ್ತಾರೆ. ಪೋರ್ಟಲ್ ಸುಳ್ಳೋ, ಕೌಂಟರ್‌ನಲ್ಲಿರುವವರು ಸುಳ್ಳೋ?

ಹಲವು ಸಲ ಎರಡೂ ಸುಳ್ಳಲ್ಲ. ಫ್ರಿಡ್ಜ್‌ನಲ್ಲಿರುವ ಬ್ಯಾಗ್‌ಗಳ ಸಂಖ್ಯೆ ಒಂದು, ರೋಗಿಗೆ ಇವತ್ತು ಕೊಡಬಹುದಾದ ಬ್ಯಾಗ್‌ಗಳ ಸಂಖ್ಯೆ ಇನ್ನೊಂದು. ಈ ವ್ಯತ್ಯಾಸವನ್ನು ಹಿಡಿದಿಡುವುದೇ ರಕ್ತದ ಗುಂಪು ಮತ್ತು ಅವಧಿ ಮುಗಿಯುವ ದಿನಾಂಕದ ಪ್ರಕಾರ ಬರೆಯುವ ದಾಸ್ತಾನು ರಿಜಿಸ್ಟರ್. ಪುಣೆಯಂಥ ನಗರದಲ್ಲಿ ಪ್ರತಿ ಬೇಸಿಗೆಯಲ್ಲಿ ಕೇಳಿಬರುವ 'ರಕ್ತದ ಕೊರತೆ' ಸುದ್ದಿಯ ಹಿಂದೆ ಇರುವುದೂ ಇದೇ ಲೆಕ್ಕ.

ಒಂದು ಬ್ಯಾಗ್, ಒಂದು ಸಾಲು

ರಕ್ತನಿಧಿಗಳು ನಡೆಯುವುದು 1945ರ ಔಷಧ ನಿಯಮಗಳ ಅಡಿಯಲ್ಲಿ, ಲೈಸೆನ್ಸ್ ಪಡೆದು. 2020ರ ತಿದ್ದುಪಡಿಯ ನಂತರ ಕಾನೂನಿನ ಭಾಷೆಯಲ್ಲಿ ಇವುಗಳ ಹೆಸರು 'ರಕ್ತ ಕೇಂದ್ರ'. ಜನರ ಬಾಯಲ್ಲಿ ಮಾತ್ರ ಬ್ಲಡ್ ಬ್ಯಾಂಕ್ ಇನ್ನೂ ಬ್ಲಡ್ ಬ್ಯಾಂಕೇ. ದಾನಿಯ ದಾಖಲೆ, ರಕ್ತ ಮತ್ತು ಅದರ ಘಟಕಗಳ ಮುಖ್ಯ ದಾಖಲೆ, ವಿತರಣೆ ದಾಖಲೆ ಇವೆಲ್ಲವನ್ನೂ ಇಟ್ಟುಕೊಳ್ಳುವುದು ಕಡ್ಡಾಯ. 5 ವರ್ಷ ಕಾಪಾಡಬೇಕು.

ದಾಸ್ತಾನು ರಿಜಿಸ್ಟರ್‌ನಲ್ಲಿ ಪ್ರತಿ ಬ್ಯಾಗ್‌ಗೂ ಒಂದು ಸಾಲು ಇರುತ್ತದೆ. ಬ್ಯಾಗ್ ಸಂಖ್ಯೆ, ಸಂಗ್ರಹಿಸಿದ ದಿನ, ಒಳಗಿರುವುದು ಕೆಂಪು ರಕ್ತಕಣವೋ ಪ್ಲೇಟ್‌ಲೆಟ್ಟೋ ಪ್ಲಾಸ್ಮಾವೋ, ಗುಂಪು, ಪರೀಕ್ಷೆಯ ಫಲಿತಾಂಶ, ಅವಧಿ ಮುಗಿಯುವ ದಿನ, ಕೊನೆಗೆ ಯಾರಿಗೆ ಹೋಯಿತು ಅಥವಾ ಯಾಕೆ ವಿಲೇವಾರಿಯಾಯಿತು. ಒಬ್ಬ ದಾನಿ ಕೊಟ್ಟ ಒಂದು ಬ್ಯಾಗ್ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದರೆ ಅದು ಎರಡು ಮೂರು ಘಟಕಗಳಾಗುತ್ತದೆ. ಆಗ ಒಂದೇ ಸಂಖ್ಯೆಗೆ ಎರಡು ಮೂರು ಸಾಲು, ಎರಡು ಮೂರು ಬೇರೆ ಬೇರೆ ಅವಧಿ.

ದಾನಿ ತಾನು 'ಎ ಪಾಸಿಟಿವ್' ಎಂದು ಹೇಳಿದ ಮಾತ್ರಕ್ಕೆ ಬ್ಯಾಗ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಪ್ರಯೋಗಾಲಯದಲ್ಲಿ ರಕ್ತಕಣವನ್ನೂ, ಪ್ಲಾಸ್ಮಾವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಎರಡೂ ಒಂದೇ ಉತ್ತರ ಕೊಟ್ಟ ಮೇಲೆಯೇ ಗುಂಪಿನ ಅಂಕಣ ತುಂಬುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆಗಳ ಫಲಿತಾಂಶ ಬರುವವರೆಗೂ ಬ್ಯಾಗ್ ಬೇರೆ ಫ್ರಿಡ್ಜ್‌ನಲ್ಲಿ ಕಾಯಬೇಕು. ಸಂಖ್ಯೆಯಲ್ಲಿ ಅದು ಇದೆ, ಕೊಡಲು ಮಾತ್ರ ಬರುವುದಿಲ್ಲ.

ಎಕ್ಸ್‌ಪೈರಿ ಎಲ್ಲದಕ್ಕೂ ಒಂದೇ ಅಲ್ಲ

ಬೇರ್ಪಡಿಸದ ಪೂರ್ಣ ರಕ್ತವನ್ನು ಸಾಮಾನ್ಯ ಸಂರಕ್ಷಕ ದ್ರಾವಣವಿರುವ ಬ್ಯಾಗ್‌ನಲ್ಲಿ 2ರಿಂದ 6 ಡಿಗ್ರಿ ತಾಪಮಾನದಲ್ಲಿ 35 ದಿನ ಇಡಬಹುದು. ಬೇರ್ಪಡಿಸಿದ ಕೆಂಪು ರಕ್ತಕಣಕ್ಕೆ ಹೆಚ್ಚುವರಿ ಪೋಷಕ ದ್ರಾವಣ ಸೇರಿಸಿದರೆ ಅದೇ ಫ್ರಿಡ್ಜ್‌ನಲ್ಲಿ 42 ದಿನ. ಪ್ಲೇಟ್‌ಲೆಟ್ ಫ್ರಿಡ್ಜ್‌ಗೆ ಹೋಗುವುದಿಲ್ಲ. ಸುಮಾರು 22 ಡಿಗ್ರಿಯಲ್ಲಿ, ಸದಾ ನಿಧಾನವಾಗಿ ಅಲುಗಾಡಿಸುವ ಯಂತ್ರದ ಮೇಲೆ ಇರುತ್ತದೆ, ಅದೂ 5 ದಿನ ಮಾತ್ರ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷ ಇರುತ್ತದೆ.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಏಪ್ರಿಲ್ 26ರಂದು ಸಂಗ್ರಹಿಸಿ ಪೋಷಕ ದ್ರಾವಣ ಸೇರಿಸಿದ ಕೆಂಪು ರಕ್ತಕಣದ ಅವಧಿ ಜೂನ್ 7ಕ್ಕೆ ಮುಗಿಯುತ್ತದೆ. ಮೇ 1ರಂದು ಸಂಗ್ರಹಿಸಿದ ಪೂರ್ಣ ರಕ್ತದ ಅವಧಿ ಜೂನ್ 5ಕ್ಕೇ ಮುಗಿಯುತ್ತದೆ. ಅಂದರೆ ಆಮೇಲೆ ಬಂದದ್ದು ಮೊದಲು ಹಾಳಾಗುತ್ತದೆ. ಕಿರಾಣಿ ಅಂಗಡಿಯ ಹಾಗೆ 'ಮೊದಲು ಬಂದದ್ದು ಮೊದಲು ಹೊರಗೆ' ಎಂದು ಕೊಟ್ಟರೆ ಇಲ್ಲಿ ಲೆಕ್ಕ ತಪ್ಪುತ್ತದೆ. 'ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ' ಎಂಬುದೇ ನಿಯಮ. ಆದ್ದರಿಂದ ರಿಜಿಸ್ಟರ್ ಅನ್ನು ಸಂಗ್ರಹದ ದಿನದ ಮೇಲೆ ಅಲ್ಲ, ಎಕ್ಸ್‌ಪೈರಿ ದಿನದ ಮೇಲೆ ಜೋಡಿಸಬೇಕು. ಇದಕ್ಕೂ ವಿನಾಯಿತಿ ಉಂಟು. ನವಜಾತ ಶಿಶುವಿಗೆ ರಕ್ತ ಬದಲಿಸುವಾಗ, ಥಲಸ್ಸೇಮಿಯಾ ಇರುವ ಮಕ್ಕಳಿಗೆ ಕೊಡುವಾಗ ವೈದ್ಯರು ಹೊಸ ಬ್ಯಾಗ್ ಕೇಳುತ್ತಾರೆ.

ಎಕ್ಸ್‌ಪೈರಿ ದಿನಾಂಕ ಒಮ್ಮೆ ಬರೆದರೆ ಮುಗಿಯಿತು ಎಂದೂ ಅಲ್ಲ. ಯಾವುದೋ ರೋಗಿಗಾಗಿ ಬ್ಯಾಗ್ ತೆರೆದು ರಕ್ತಕಣಗಳನ್ನು ತೊಳೆದರೆ ಅಲ್ಲಿಂದ 24 ಗಂಟೆ ಮಾತ್ರ ಆಯಸ್ಸು. ಆ ರೋಗಿಗೆ ಅದು ಬೇಡವಾಗಿ ಬ್ಯಾಗ್ ಉಳಿದರೆ, ರಿಜಿಸ್ಟರ್‌ನಲ್ಲಿ ಹಳೆಯ ದಿನಾಂಕವೇ ಇದ್ದರೆ, ಮರುದಿನದ ಲೆಕ್ಕದಲ್ಲಿ ಇಲ್ಲದ ಬ್ಯಾಗ್ ಒಂದು ಕುಳಿತಿರುತ್ತದೆ.

ಏಪ್ರಿಲ್ 14ರ ಶಿಬಿರ, ಮೇ 26ರ ಗೋಡೆ

ಮಹಾರಾಷ್ಟ್ರ ದೇಶದಲ್ಲೇ ಹೆಚ್ಚು ರಕ್ತ ಸಂಗ್ರಹಿಸುವ ರಾಜ್ಯಗಳಲ್ಲಿ ಒಂದು. ಪುಣೆಯಲ್ಲಿ ಸಸೂನ್ ಆಸ್ಪತ್ರೆ, ಕೆಇಎಂ ಆಸ್ಪತ್ರೆ, ಜನಕಲ್ಯಾಣ ರಕ್ತಪೇಢಿಯಂಥ ಹಲವು ಕೇಂದ್ರಗಳಿವೆ. ಇಲ್ಲಿನ ಸಂಗ್ರಹಕ್ಕೆ ಒಂದು ಲಯವಿದೆ. ಫೆಬ್ರವರಿ 19ರ ಶಿವಾಜಿ ಜಯಂತಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಗಣೇಶೋತ್ಸವದ ಮಂಡಳಗಳು, ನಾಯಕರ ಹುಟ್ಟುಹಬ್ಬಗಳು, ಜೊತೆಗೆ ಕಾಲೇಜು ಮತ್ತು ಹಿಂಜವಡಿಯ ಐಟಿ ಕಂಪನಿಗಳಲ್ಲಿ ನಡೆಯುವ ಶಿಬಿರಗಳು. ಒಂದೇ ದಿನ ರಾಶಿ ರಕ್ತ ಬರುತ್ತದೆ, ಆಮೇಲೆ ವಾರಗಟ್ಟಲೆ ತೆಳುವಾಗುತ್ತದೆ. ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ನೌಕರರು ಊರಿಗೆ. ದೀಪಾವಳಿಯ ಸುತ್ತ ಮತ್ತೆ ಅದೇ ಕಥೆ.

ಏಪ್ರಿಲ್ 14ರಂದು ಒಂದು ದೊಡ್ಡ ಶಿಬಿರ ನಡೆಯಿತು ಎಂದುಕೊಳ್ಳಿ. ಸಂಗ್ರಹದ ದಿನವನ್ನು ಸೊನ್ನೆ ಎಂದು ಹಿಡಿದು ಎಣಿಸಿದರೆ ಪೂರ್ಣ ರಕ್ತದ ಬ್ಯಾಗ್‌ಗಳು ಮೇ 19ಕ್ಕೆ, ಕೆಂಪು ರಕ್ತಕಣದ ಬ್ಯಾಗ್‌ಗಳು ಮೇ 26ಕ್ಕೆ ಒಟ್ಟಿಗೇ ಅವಧಿ ಮುಗಿಸುತ್ತವೆ. ಅಂದು ರಕ್ತ ಕೊಟ್ಟ ಪುರುಷರು ಮತ್ತೆ ದಾನ ಮಾಡಲು 90 ದಿನ ಕಾಯಬೇಕು, ಅಂದರೆ ಜುಲೈ 13. ಮಹಿಳೆಯರಿಗೆ 120 ದಿನ, ಅಂದರೆ ಆಗಸ್ಟ್ 12. ಬ್ಯಾಗ್‌ಗಳು ಮೇ ಕೊನೆಗೆ ಮುಗಿಯುತ್ತವೆ, ಅದೇ ದಾನಿಗಳು ಜುಲೈ ಮಧ್ಯದವರೆಗೂ ಲಭ್ಯವಿಲ್ಲ. ನಡುವಿನ ಈ ಏಳು ವಾರಗಳನ್ನು ತುಂಬಲು ಬೇರೆ ದಾನಿಗಳೇ ಬೇಕು. ಶಿಬಿರ ಎಷ್ಟು ದೊಡ್ಡದೋ ಈ ಹಳ್ಳವೂ ಅಷ್ಟೇ ಆಳ. ಸಾವಿರ ದಾನಿಗಳ ಒಂದು ಶಿಬಿರಕ್ಕಿಂತ ಆರು ವಾರಗಳಿಗೆ ಹಂಚಿದ ಸಣ್ಣ ಶಿಬಿರಗಳನ್ನೇ ರಕ್ತನಿಧಿಯವರು ಕೇಳುವುದು ಇದೇ ಕಾರಣಕ್ಕೆ. ಸಾವಿರ ದಾನಿಗಳ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ಬೇರೆ ಮಾತು.

ಒಂದು ಸೋಮವಾರದ ಲೆಕ್ಕ

ಈಗ ಮೇ 18, ಸೋಮವಾರ ಬೆಳಗ್ಗೆ ಎಂದುಕೊಳ್ಳಿ. ಪುಣೆಯ ಒಂದು ಮಧ್ಯಮ ಗಾತ್ರದ ರಕ್ತನಿಧಿಯಲ್ಲಿ ವಾರದ ಕೊರತೆ ಎಚ್ಚರಿಕೆ ಸಿದ್ಧವಾಗುತ್ತಿದೆ. ಕೇಂದ್ರವೂ ಅಂಕಿಗಳೂ ಉದಾಹರಣೆಗಾಗಿ ಮಾತ್ರ, ಲೆಕ್ಕದ ಕ್ರಮ ಮಾತ್ರ ನಿಜದ್ದು. ಮೂರು ಗುಂಪುಗಳ ಕೆಂಪು ರಕ್ತಕಣವನ್ನು ನೋಡಿದರೆ ಸಾಕು.

ಮೊದಲು ಬಿ ಪಾಸಿಟಿವ್. ರಿಜಿಸ್ಟರ್‌ನಲ್ಲಿ 46 ಯೂನಿಟ್ ಇದೆ. ಕಳೆದ 4 ವಾರಗಳಲ್ಲಿ 140 ಯೂನಿಟ್ ಹೋಗಿದೆ, ಅಂದರೆ ದಿನಕ್ಕೆ 5. ಹಾಗೆ ಭಾಗಿಸಿದರೆ 9 ದಿನಕ್ಕೆ ಸಾಕು. ಈ ಕೇಂದ್ರ 7 ದಿನಕ್ಕಿಂತ ಕಡಿಮೆಯಾದರೆ ಎಚ್ಚರಿಕೆ ಕೊಡುತ್ತದೆ, ಆದ್ದರಿಂದ ಮೇಲ್ನೋಟಕ್ಕೆ ಚಿಂತೆಯಿಲ್ಲ. ಆದರೆ 46ರಲ್ಲಿ 6 ಯೂನಿಟ್ ಭಾನುವಾರದ ಶಿಬಿರದ್ದು, ಪರೀಕ್ಷೆ ಮುಗಿದಿಲ್ಲ. ಇನ್ನು 9 ಯೂನಿಟ್ ಈ ವಾರದ ಆಪರೇಷನ್‌ಗಳಿಗಾಗಿ ನಿರ್ದಿಷ್ಟ ರೋಗಿಗಳ ಹೆಸರಿನಲ್ಲಿ ಕ್ರಾಸ್‌ಮ್ಯಾಚ್ ಆಗಿ ಕಾದಿರಿಸಲ್ಪಟ್ಟಿವೆ. ಉಳಿದದ್ದು 31. ದಿನಕ್ಕೆ 5ರಂತೆ 6 ದಿನ. ಅದು ಎಚ್ಚರಿಕೆಯ ಗೆರೆಗಿಂತ ಕೆಳಗೆ. ಪೋರ್ಟಲ್‌ನಲ್ಲಿ 46 ನೋಡಿ ಬಂದವರಿಗೆ ಕೌಂಟರ್‌ನಲ್ಲಿ ಬೇರೆ ಉತ್ತರ ಸಿಗುವುದು ಹೀಗೆ.

ಕಾದಿರಿಸಿದ 9ರಲ್ಲಿ ಎಲ್ಲವೂ ಬಳಕೆಯಾಗುವುದಿಲ್ಲ. ಸರ್ಜನ್‌ಗಳು ಮುಂಜಾಗ್ರತೆಗೆಂದು ಹೆಚ್ಚೇ ಕೇಳಿರುತ್ತಾರೆ. ಕ್ರಾಸ್‌ಮ್ಯಾಚ್ ಆದ ಪ್ರತಿ ಎರಡು ಬ್ಯಾಗ್‌ಗಳಲ್ಲಿ ಒಂದಾದರೂ ರೋಗಿಗೆ ಹೋಗಬೇಕು ಎಂಬುದು ಒಳ್ಳೆಯ ಅಭ್ಯಾಸದ ಅಳತೆ. ಮೂರಕ್ಕೆ ಒಂದೇ ಹೋಗುತ್ತಿದ್ದರೆ, ಆ ಆಸ್ಪತ್ರೆಯ ಕೊರತೆಯ ಒಂದಷ್ಟು ಭಾಗ ಅಲ್ಲಿಯ ಬೇಡಿಕೆ ಚೀಟಿಯಲ್ಲೇ ಇದೆ ಎಂದರ್ಥ. ಎರಡು ಮೂರು ದಿನ ದಾಟಿದ ಕಾದಿರಿಸುವಿಕೆಯನ್ನು ರದ್ದು ಮಾಡಿ ಬ್ಯಾಗ್‌ಗಳನ್ನು ವಾಪಸ್ ತಂದರೆ ದಾನಿಯನ್ನು ಕರೆಯದೆಯೇ ನಾಲ್ಕೈದು ಯೂನಿಟ್ ಸಿಗಬಹುದು.

ಎರಡನೆಯದು ಎಬಿ ಪಾಸಿಟಿವ್. ಕೊಡಬಹುದಾದದ್ದೇ 22 ಯೂನಿಟ್ ಇದೆ, ಬಳಕೆ ದಿನಕ್ಕೆ 1. ಕಾಗದದ ಮೇಲೆ 22 ದಿನ ನಿಶ್ಚಿಂತೆ. ಎಕ್ಸ್‌ಪೈರಿ ಅಂಕಣ ನೋಡಿದರೆ ಚಿತ್ರ ಬದಲಾಗುತ್ತದೆ. 16 ಯೂನಿಟ್ ಏಪ್ರಿಲ್ 14ರ ಶಿಬಿರದ್ದು, ಮೇ 26ಕ್ಕೆ ಮುಗಿಯುತ್ತವೆ. ಇವತ್ತಿನಿಂದ 26ರವರೆಗೆ 9 ದಿನ, ಬಳಕೆ 9 ಯೂನಿಟ್. ಉಳಿದ 7 ಯೂನಿಟ್ ಯಾರಿಗೂ ಹೋಗದೆ ಹಾಳಾಗುತ್ತವೆ. ಆಮೇಲೆ ಕೈಯಲ್ಲಿರುವುದು 6 ಯೂನಿಟ್, 6 ದಿನಕ್ಕೆ. ಅಂದರೆ 22 ದಿನದ ದಾಸ್ತಾನು ನಿಜವಾಗಿ 15 ದಿನದ್ದು.

ಬಿ ಪಾಸಿಟಿವ್ ಕಡಿಮೆ ಇದೆ, ಎಬಿ ಪಾಸಿಟಿವ್ ಹೆಚ್ಚಿದೆ, ಅದನ್ನೇ ಕೊಡಬಾರದೇ ಎಂದು ಕೇಳಬಹುದು. ಆಗುವುದಿಲ್ಲ. ಎಬಿ ಪಾಸಿಟಿವ್ ಕೆಂಪು ರಕ್ತಕಣ ಎಬಿ ಪಾಸಿಟಿವ್ ರೋಗಿಗೆ ಮಾತ್ರ ಹೊಂದುತ್ತದೆ. ತಿರುಗಾಮುರುಗಾ ಮಾತ್ರ ಸಾಧ್ಯ: ಎಬಿ ಪಾಸಿಟಿವ್ ರೋಗಿ ಬಿ ಗುಂಪಿನ ಕಣವನ್ನೂ ಪಡೆಯಬಹುದು. ಇಲ್ಲಿಯೇ ರಿಜಿಸ್ಟರ್ ನೋಡದೆ ಮಾಡುವ ತಪ್ಪು ಇರುವುದು. ಕೈಗೆ ಹತ್ತಿರ ಸಿಕ್ಕಿತೆಂದು ಎಬಿ ರೋಗಿಗೆ ಬಿ ಬ್ಯಾಗ್ ಕೊಟ್ಟರೆ ಒಂದು ಕಡೆ ಕೊರತೆ ಹೆಚ್ಚುತ್ತದೆ, ಇನ್ನೊಂದು ಕಡೆ ವ್ಯರ್ಥವಾಗುತ್ತದೆ. ಎಬಿ ಸಾಲಿಗೆ ಬೇಕಾದದ್ದು ದಾನಿ ಅಲ್ಲ, ಆ 7 ಯೂನಿಟ್ ಬಳಸಬಲ್ಲ ಬೇರೊಂದು ಆಸ್ಪತ್ರೆ. ರಕ್ತ ಕೇಂದ್ರಗಳ ನಡುವೆ ವರ್ಗಾವಣೆಗೆ ಅವಕಾಶವಿದೆ. ಆದರೆ ಕೊನೆಯ ಎರಡು ದಿನ ಉಳಿದಾಗ ಫೋನ್ ಮಾಡಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. 8 ದಿನ ಇರುವಾಗ ಕೇಳಿದರೆ ಕೇಳುವವರಿರುತ್ತಾರೆ.

ಮೂರನೆಯದು ಓ ನೆಗೆಟಿವ್. ಒಟ್ಟು 7 ಯೂನಿಟ್. 2 ಪರೀಕ್ಷೆಯಲ್ಲಿ, 3 ಕಾದಿರಿಸಿದ್ದು, ಉಳಿದದ್ದು 2. ನಾಲ್ಕು ವಾರದಲ್ಲಿ ಹೋದದ್ದು 14, ಅಂದರೆ ಎರಡು ದಿನಕ್ಕೆ ಒಂದು. ಸರಾಸರಿ ಪ್ರಕಾರ 4 ದಿನಕ್ಕೆ ಸಾಕು. ಆದರೆ ಈ ಗುಂಪಿನಲ್ಲಿ ಸರಾಸರಿಯನ್ನು ನಂಬುವಂತಿಲ್ಲ. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ನೂರಕ್ಕೆ ಐವರ ಆಸುಪಾಸು, ಓ ನೆಗೆಟಿವ್ ಸುಮಾರು ಇಬ್ಬರು. ಹತ್ತು ದಿನ ಯಾರೂ ಕೇಳದೆ ಇರಬಹುದು, ಹೆರಿಗೆಯ ನಂತರದ ಒಂದೇ ರಕ್ತಸ್ರಾವದ ಪ್ರಕರಣಕ್ಕೆ ಒಂದು ರಾತ್ರಿಯಲ್ಲಿ 4 ಯೂನಿಟ್ ಬೇಕಾಗಬಹುದು. ಗುಂಪು ಗೊತ್ತಾಗುವ ಮೊದಲೇ ರಕ್ತ ಕೊಡಬೇಕಾದ ತುರ್ತಿನಲ್ಲಿ ವೈದ್ಯರು ಕೈಹಾಕುವುದೂ ಓ ನೆಗೆಟಿವ್‌ಗೇ. ಹಾಗಾಗಿ ಅಪರೂಪದ ಗುಂಪುಗಳಿಗೆ ದಿನದ ಲೆಕ್ಕ ಬಿಟ್ಟು 'ಇಷ್ಟು ಯೂನಿಟ್‌ಗಿಂತ ಕೆಳಗೆ ಇಳಿಯಬಾರದು' ಎಂಬ ಗೆರೆ ಹಾಕುತ್ತಾರೆ. ಈ ಕೇಂದ್ರದ ಗೆರೆ 4 ಎಂದಾದರೆ, ಇರುವ 2 ಯೂನಿಟ್ ಕೆಂಪು ಎಚ್ಚರಿಕೆ.

ಇನ್ನೊಂದು ಗುಂಪು ಈ ಎಂಟು ಸಾಲುಗಳಲ್ಲಿ ಬರುವುದೇ ಇಲ್ಲ. 1952ರಲ್ಲಿ ಮುಂಬೈನಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ 'ಬಾಂಬೆ' ಗುಂಪು ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣಿಸುತ್ತದೆ. ಆದರೆ ಓ ರಕ್ತವನ್ನೂ ಅವರ ದೇಹ ತಿರಸ್ಕರಿಸುತ್ತದೆ. ಇವರಿಗೆ ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತವೇ ಆಗಬೇಕು. ಇದಕ್ಕೆ ಬ್ಯಾಗ್ ಇಟ್ಟು ಕಾಯುವುದಕ್ಕಿಂತ, ದಾನಿಗಳ ಹೆಸರು ಮತ್ತು ಕೊನೆಯ ದಾನದ ದಿನಾಂಕದ ಪಟ್ಟಿ ಇಡುವುದೇ ಉಪಯುಕ್ತ.

ಎಚ್ಚರಿಕೆಗೂ ಬೇಕು ಎಕ್ಸ್‌ಪೈರಿ

ಸೋಮವಾರದ ಲೆಕ್ಕ ಮುಗಿದ ಮೇಲೆ ಹೊರಡುವ ಸಂದೇಶ 'ಪುಣೆಯಲ್ಲಿ ರಕ್ತದ ತೀವ್ರ ಕೊರತೆ, ಎಲ್ಲರೂ ಬನ್ನಿ' ಎಂದಿದ್ದರೆ ಮಾಡಿದ ಲೆಕ್ಕವೆಲ್ಲ ನೀರುಪಾಲು. ಬಂದವರಲ್ಲಿ ಎಬಿ ಪಾಸಿಟಿವ್‌ನವರೂ ಇರುತ್ತಾರೆ, ಈಗಾಗಲೇ ಹಾಳಾಗಲಿರುವ ಸಾಲಿಗೆ ಇನ್ನಷ್ಟು ಸೇರುತ್ತದೆ. ಇಂದು ಕೊಟ್ಟವರು ಮೂರು ತಿಂಗಳು ಮತ್ತೆ ಸಿಗುವುದೂ ಇಲ್ಲ.

ಉಪಯೋಗಕ್ಕೆ ಬರುವ ಸಂದೇಶ ಚಿಕ್ಕದಾಗಿರುತ್ತದೆ: ಓ ನೆಗೆಟಿವ್ 4 ದಾನಿಗಳು, ಬಿ ಪಾಸಿಟಿವ್ 15 ದಾನಿಗಳು, ಶುಕ್ರವಾರ ಸಂಜೆಯೊಳಗೆ, ಇಂಥ ಕೇಂದ್ರಕ್ಕೆ. ಏಪ್ರಿಲ್‌ನಲ್ಲಿ ಕೊಟ್ಟವರು ಬರಬೇಡಿ. ಈ ಸಂದೇಶ ಮೇ 22ರವರೆಗೆ ಮಾತ್ರ. ಕೊನೆಯ ಸಾಲು ಸಣ್ಣದೆನಿಸಬಹುದು, ಆದರೆ ದಿನಾಂಕವಿಲ್ಲದ ರಕ್ತದ ಮನವಿ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಸುತ್ತುವುದನ್ನು ಎಲ್ಲರೂ ನೋಡಿದ್ದಾರೆ.

ವಾರಕ್ಕೊಮ್ಮೆ ಎಂಬ ಅಂತರಕ್ಕೂ ಕಾರಣವಿದೆ. ಸೋಮವಾರ ಕರೆದ ದಾನಿ ಮಂಗಳವಾರ ಬಂದರೆ, ಪರೀಕ್ಷೆ ಮುಗಿದು ಬ್ಯಾಗ್ ಕೊಡಲು ಸಿಗುವುದು ಬುಧವಾರದ ಹೊತ್ತಿಗೆ. ಶಿಬಿರ ಏರ್ಪಡಿಸಲು ಇನ್ನೂ ಹೆಚ್ಚು ದಿನ ಬೇಕು. 7 ದಿನದ ಗೆರೆ ಹಾಕುವುದು ಈ ಓಡಾಟಕ್ಕೆ ಸಮಯ ಸಿಗಲೆಂದು. ಪ್ಲೇಟ್‌ಲೆಟ್‌ಗೆ ಮಾತ್ರ ಈ ವಾರದ ಎಚ್ಚರಿಕೆ ಪ್ರಯೋಜನವಿಲ್ಲ. ಅದರ ಆಯಸ್ಸೇ 5 ದಿನ, ಅದರಲ್ಲಿ ಒಂದು ದಿನ ಪರೀಕ್ಷೆಗೇ ಹೋಗುತ್ತದೆ. ಮಳೆಗಾಲದ ಡೆಂಗಿ ಸಮಯದಲ್ಲಿ ಸೋಮವಾರದ ಪ್ಲೇಟ್‌ಲೆಟ್ ಲೆಕ್ಕ ಬುಧವಾರಕ್ಕೇ ಹಳತು. ಅದನ್ನು ದಿನವೂ ಎಣಿಸಬೇಕು.

ಲೆಕ್ಕ ಎಲ್ಲಿ ತಪ್ಪುತ್ತದೆ

ಸಾಮಾನ್ಯ ತಪ್ಪು ಸರಳವಾದದ್ದು. ಪರೀಕ್ಷೆಯಲ್ಲಿ ಸೋಂಕು ಕಂಡು ವಿಲೇವಾರಿಯಾದ ಬ್ಯಾಗ್, ಬೇರೆ ಆಸ್ಪತ್ರೆಗೆ ಕಳಿಸಿದ ಬ್ಯಾಗ್ ರಿಜಿಸ್ಟರ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಇದನ್ನು ಹಿಡಿಯಲು ಒಂದೇ ದಾರಿ: ಫ್ರಿಡ್ಜ್ ತೆರೆದು ಒಂದು ಗುಂಪಿನ ಬ್ಯಾಗ್‌ಗಳನ್ನು ಕೈಯಾರೆ ಎಣಿಸಿ ಸಾಲುಗಳೊಂದಿಗೆ ಹೋಲಿಸುವುದು. ಎಕ್ಸ್‌ಪೈರಿ ದಾಟಿದ ದಿನಾಂಕವಿದ್ದೂ 'ಲಭ್ಯ' ಎಂದಿರುವ ಸಾಲು ಒಂದಾದರೂ ಕಂಡರೆ, ಆ ರಿಜಿಸ್ಟರ್ ಅನ್ನು ಕೆಲ ದಿನಗಳಿಂದ ಯಾರೂ ನೋಡಿಲ್ಲ ಎಂದೇ ತಿಳಿಯಬೇಕು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ದಿನದ ಬಳಕೆಯನ್ನು ಲೆಕ್ಕ ಹಾಕುವುದು ಕೊಟ್ಟ ಬ್ಯಾಗ್‌ಗಳಿಂದ. ಕಳೆದ ಎರಡು ವಾರ ಕೊರತೆ ಇದ್ದು, ಹತ್ತಾರು ಕುಟುಂಬಗಳನ್ನು 'ಇಲ್ಲ' ಎಂದು ವಾಪಸ್ ಕಳಿಸಿದ್ದರೆ ಕೊಟ್ಟ ಸಂಖ್ಯೆ ಕಡಿಮೆ ಇರುತ್ತದೆ. ಆ ಕಡಿಮೆ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಹಿಗ್ಗುತ್ತದೆ. 31 ಯೂನಿಟ್ ಅನ್ನು ದಿನಕ್ಕೆ 5ರ ಬದಲು 4ರಿಂದ ಭಾಗಿಸಿದರೆ ಸುಮಾರು 8 ದಿನ ಬರುತ್ತದೆ, ಎಚ್ಚರಿಕೆ ಹೊರಡುವುದೇ ಇಲ್ಲ. ಕೊರತೆಯೇ ಕೊರತೆಯನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಕೊಡಲಾಗದೆ ವಾಪಸ್ ಕಳಿಸಿದ ಬೇಡಿಕೆಗಳಿಗೂ ಒಂದು ಅಂಕಣ ಬೇಕು. ಹಲವು ರಿಜಿಸ್ಟರ್‌ಗಳಲ್ಲಿ ಇಲ್ಲದಿರುವ ಅಂಕಣವೂ ಇದೇ.

ಪೋರ್ಟಲ್‌ನಲ್ಲಿ ನೋಡಬೇಕಾದದ್ದು

ಕೇಂದ್ರ ಆರೋಗ್ಯ ಸಚಿವಾಲಯದ ಇ-ರಕ್ತಕೋಶ್ ಪೋರ್ಟಲ್ 2016ರಲ್ಲಿ ಆರಂಭವಾಯಿತು. ಅದನ್ನು ರೂಪಿಸಿದ್ದು ಸಿ-ಡ್ಯಾಕ್, ಅದರ ಕೇಂದ್ರ ಕಚೇರಿ ಇರುವುದೂ ಪುಣೆಯಲ್ಲೇ. ರಾಜ್ಯ, ಜಿಲ್ಲೆ, ರಕ್ತದ ಗುಂಪು ಮತ್ತು ಘಟಕ ಆರಿಸಿದರೆ ಆ ಜಿಲ್ಲೆಯ ರಕ್ತ ಕೇಂದ್ರಗಳ ಪಟ್ಟಿ ಬರುತ್ತದೆ. ಪುಣೆಗೂ ಬೆಳಗಾವಿಗೂ ಇದೇ ಕ್ರಮ.

ಪಟ್ಟಿಯಲ್ಲಿ ಯೂನಿಟ್ ಸಂಖ್ಯೆಗಿಂತ ಮೊದಲು `Last Updated` ಎಂಬ ಅಂಕಣ ನೋಡಬೇಕು. ಅದು ಇವತ್ತಿನದಲ್ಲದಿದ್ದರೆ ಪಕ್ಕದ ಸಂಖ್ಯೆ ಕೇವಲ ಇತಿಹಾಸ. ಘಟಕ ಆರಿಸುವಾಗ ವೈದ್ಯರ ಚೀಟಿಯಲ್ಲಿ ಏನಿದೆಯೋ ಅದನ್ನೇ ಆರಿಸಬೇಕು. ಕೆಂಪು ರಕ್ತಕಣ ಬೇಕಾದಾಗ ಪೂರ್ಣ ರಕ್ತವನ್ನು ಹುಡುಕಿದರೆ 'ಲಭ್ಯವಿಲ್ಲ' ಎಂದೇ ಬರಬಹುದು, ಏಕೆಂದರೆ ದೊಡ್ಡ ಕೇಂದ್ರಗಳು ಬಹುಪಾಲು ರಕ್ತವನ್ನು ಬೇರ್ಪಡಿಸಿಯೇ ಇಡುತ್ತವೆ. ಪರದೆಯ ಮೇಲಿನ ಸಂಖ್ಯೆ ನೋಡಿ ಆಟೊ ಹತ್ತುವ ಮೊದಲು ಕೇಂದ್ರಕ್ಕೆ ಫೋನ್ ಮಾಡಿ, 'ಬಿ ಪಾಸಿಟಿವ್ ಎಷ್ಟಿದೆ' ಎನ್ನುವ ಬದಲು 'ಪರೀಕ್ಷೆ ಮುಗಿದು, ಯಾರಿಗೂ ಕಾದಿರಿಸದೆ ಇರುವುದು ಎಷ್ಟು' ಎಂದು ಕೇಳಬೇಕು. ರೋಗಿಯ ರಕ್ತದ ಸ್ಯಾಂಪಲ್ ಮತ್ತು ವೈದ್ಯರು ಸಹಿ ಮಾಡಿದ ಬೇಡಿಕೆ ಪತ್ರ ಇಲ್ಲದೆ ಹೋದರೆ ಯಾವ ಕೇಂದ್ರವೂ ಕ್ರಾಸ್‌ಮ್ಯಾಚ್ ಮಾಡುವುದಿಲ್ಲ. ಸ್ಯಾಂಪಲ್ ಟ್ಯೂಬ್‌ನ ಮೇಲಿನ ಹೆಸರು ಮತ್ತು ಪತ್ರದಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ವಾರ್ಡ್‌ನಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಕನ್ನಡದ ಹೆಸರು ಮರಾಠಿ ಊರಿನಲ್ಲಿ ಎರಡು ರೀತಿ ಬರೆಯಲ್ಪಟ್ಟು, ಸ್ಯಾಂಪಲ್ ವಾಪಸ್ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.